ಬೋರಿನ ಆಳ ಕೇಳಿ ಎಚ್‌ಪಿ ಹೇಳಿದರೆ ನಂಬಬೇಡಿ: ನಿಮ್ಮ ಮೋಟರಿನ ಲೆಕ್ಕ ನೀವೇ ಹಾಕಿ

ಮೋಟರು ಸುಟ್ಟ ದಿನ ನಾವೆಲ್ಲ ಒಂದೇ ಥರ ಯೋಚಿಸುತ್ತೇವೆ. ಸಾಯಂಕಾಲದೊಳಗೆ ಹೊಸದು ಇಳಿಸಬೇಕು, ಗಿಡ ಒಣಗುತ್ತಿದೆ. ಅಂಗಡಿಗೆ ಹೋದರೆ ಮೊದಲ ಪ್ರಶ್ನೆ, "ಬೋರ್ ಎಷ್ಟು ಅಡಿ?" ನಾವು ಅಡಿ ಹೇಳುತ್ತೇವೆ, ಅವರು ಎಚ್‌ಪಿ ಹೇಳುತ್ತಾರೆ. ಆ ಎರಡು ನಿಮಿಷದಲ್ಲಿ ಮುಂದಿನ ಏಳೆಂಟು ವರ್ಷದ ಖರ್ಚು ನಿರ್ಧಾರವಾಗಿಬಿಡುತ್ತೆ.

ಬಬ್ಬೂರಿನಲ್ಲಿ ನಮ್ಮ ಪಕ್ಕದ ತೋಟದ ಅಣ್ಣನಿಗೆ ಈ ಬೇಸಿಗೆಯಲ್ಲಿ ಹೀಗೇ ಆಯಿತು. ಮೂರು ಎಕರೆ ಅಡಿಕೆ, 620 ಅಡಿ ಬೋರ್. ಅಂಗಡಿಯಲ್ಲಿ 12.5 ಎಚ್‌ಪಿ ಅಂತ ಹೇಳಿ ಕಳಿಸಿದ್ದರು. ದುಡ್ಡು ಹೊಂದಿಸುವ ಮೊದಲು ಅವರು ನನ್ನ ಹತ್ತಿರ ಬಂದು, "ಏನಪ್ಪಾ, ನೀನು ಓದಿದವನು, ಇಷ್ಟು ದೊಡ್ಡದು ಬೇಕಾ?" ಅಂದರು. ಇಬ್ಬರೂ ಕೂತು ಮೊಬೈಲಿನ ಕ್ಯಾಲ್ಕ್ಯುಲೇಟರ್‌ನಲ್ಲಿ ಹಾಕಿದ ಲೆಕ್ಕವನ್ನೇ ಈ ವಾರ ಬರೆಯುತ್ತಿದ್ದೇನೆ. ನಿಮ್ಮ ಬೋರಿನ ಅಂಕಿ ಹಾಕಿಕೊಂಡರೆ ನಿಮಗೂ ಅದೇ ದಾರಿ.

ಒಂದು ಎಚ್‌ಪಿ ಅಂದರೆ ಎಷ್ಟು ಕೆಲಸ?

ಸುಮಾರು 75 ಕೆ.ಜಿ. ಭಾರವನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರ್ ಮೇಲೆತ್ತುವ ಶಕ್ತಿಗೆ ಒಂದು ಎಚ್‌ಪಿ ಅನ್ನುತ್ತಾರೆ. ಒಂದು ಲೀಟರ್ ನೀರು ಒಂದು ಕೆ.ಜಿ. ತೂಗುತ್ತೆ. ಹಾಗಾಗಿ ಸೆಕೆಂಡಿಗೆ ಎಷ್ಟು ಲೀಟರ್ ನೀರು, ಅದನ್ನು ಎಷ್ಟು ಮೀಟರ್ ಎತ್ತಬೇಕು, ಎರಡನ್ನೂ ಗುಣಿಸಿ 75ರಿಂದ ಭಾಗಿಸಿದರೆ ನೀರಿಗೆ ಸೇರಬೇಕಾದ ಎಚ್‌ಪಿ ಬರುತ್ತೆ. ಇಡೀ ಲೆಕ್ಕದಲ್ಲಿ ಇರುವುದು ಎರಡೇ ಅಂಕಿ, ನೀರು ಮತ್ತು ಎತ್ತರ. ಬೋರಿನ ಆಳ ಇದರಲ್ಲಿ ಎಲ್ಲೂ ಇಲ್ಲ.

ಹೋಲಿಕೆಗೆ ಒಂದು ಮಾತು. ಸೆಕೆಂಡಿಗೆ ಒಂದೂವರೆ ಲೀಟರ್ ನೀರನ್ನು ನಾಲೆಯಿಂದ 10 ಮೀಟರ್ ಎತ್ತಲು ಅರ್ಧ ಎಚ್‌ಪಿ ಸಾಕು. ಅದೇ ನೀರನ್ನು 150 ಮೀಟರ್ ಎತ್ತಬೇಕಾದರೆ ಅದರ ಹದಿನೈದು ಪಟ್ಟು ಬೇಕು. ವಾಣಿ ವಿಲಾಸ ಸಾಗರದ ನಾಲೆ ಸಿಗುವ ತೋಟದವರಿಗೂ ಬೋರನ್ನೇ ನಂಬಿದವರಿಗೂ ಇರುವ ವ್ಯತ್ಯಾಸ ಇದು.

ಎತ್ತರ ಎಲ್ಲಿಂದ ಅಳೆಯಬೇಕು?

ಎಲ್ಲರೂ ತಪ್ಪುವುದು ಇಲ್ಲೇ. ಬೋರ್ 620 ಅಡಿ ಇರಬಹುದು, ಪಂಪನ್ನು 490 ಅಡಿಗೆ ಇಳಿಸಿರಬಹುದು. ಆದರೆ ಪಂಪು ನೀರನ್ನು ಎತ್ತುವುದು ಅಲ್ಲಿಂದಲ್ಲ. ಹಳೇ ಕಾಲದ ಸೇದೋ ಬಾವಿ ನೆನಪಿಸಿಕೊಳ್ಳಿ. ಕೊಡ ನೀರಿನೊಳಗೆ ಮುಳುಗಿರುವವರೆಗೂ ಹಗ್ಗ ಹಗುರ, ನೀರಿನ ಮೇಲಕ್ಕೆ ಬಂದ ಮೇಲೆ ತಾನೇ ಕೈಗೆ ಭಾರ ಗೊತ್ತಾಗುವುದು? ಬೋರಿನಲ್ಲೂ ಹಾಗೇ. ಪಂಪಿನ ಸುತ್ತ ನಿಂತಿರುವ ನೀರು ಕೆಳಗಿನಿಂದ ಒತ್ತುತ್ತಲೇ ಇರುತ್ತೆ, ಅದರ ಮಟ್ಟದವರೆಗೆ ಪೈಪಿನೊಳಗಿನ ನೀರು ತಾನೇ ಏರಿ ನಿಲ್ಲುತ್ತೆ. ಪಂಪಿನ ಕೆಲಸ ಶುರುವಾಗುವುದು ಆ ನೀರಿನ ಮಟ್ಟದಿಂದ ಮೇಲಕ್ಕೆ.

ಆದರೆ ಯಾವ ಮಟ್ಟ? ಬೆಳಿಗ್ಗೆ ಮೋಟರು ಹಾಕುವ ಮೊದಲು ನಿಂತ ಮಟ್ಟ ಒಂದು, ಮೋಟರು ಓಡುತ್ತಿರುವಾಗ ಇಳಿದು ನಿಲ್ಲುವ ಮಟ್ಟ ಇನ್ನೊಂದು. ಲೆಕ್ಕಕ್ಕೆ ಬೇಕಾದ್ದು ಎರಡನೆಯದು, ಅದೂ ಏಪ್ರಿಲ್–ಮೇ ತಿಂಗಳಲ್ಲಿ, ಮೋಟರು ಎರಡು ಮೂರು ಗಂಟೆ ಓಡಿದ ಮೇಲಿನದು. ಅಣ್ಣನ ಬೋರಿನಲ್ಲಿ ನಿಂತ ನೀರು 90 ಮೀಟರ್‌ಗೆ ಇತ್ತು, ಓಡುವಾಗ 120 ಮೀಟರ್‌ಗೆ ಇಳಿಯುತ್ತಿತ್ತು. ಅಡಿಯಲ್ಲಿ ಹೇಳುವುದಾದರೆ 295 ಮತ್ತು 394. ನಿಮ್ಮ ಹತ್ತಿರ ಅಡಿ ಲೆಕ್ಕ ಇದ್ದರೆ 3.28ರಿಂದ ಭಾಗಿಸಿ ಮೀಟರ್ ಮಾಡಿಕೊಳ್ಳಿ.

ಇದು ಹೇಗೆ ಗೊತ್ತಾಯಿತು ಅಂತ ಕೇಳುತ್ತೀರಿ. ಎರಡು ವರ್ಷದ ಹಿಂದೆ ಪಂಪು ಇಳಿಸುವಾಗ ಕಾಲಂ ಪೈಪಿನ ಜೊತೆಗೇ ಒಂದು ತೆಳು ಪ್ಲಾಸ್ಟಿಕ್ ಟ್ಯೂಬನ್ನು ಕಟ್ಟಿ ಬಿಟ್ಟಿದ್ದೆವು. ಟ್ಯೂಬಿನ ಕೆಳ ತುದಿ ಸರಿಯಾಗಿ 145 ಮೀಟರ್‌ನಲ್ಲಿದೆ ಅಂತ ಬರೆದಿಟ್ಟುಕೊಂಡಿದ್ದೆವು. ಮೇಲಿನ ತುದಿಗೆ ಒಂದು ಪ್ರೆಷರ್ ಮೀಟರು ಸಿಕ್ಕಿಸಿ, ಟಯರಿಗೆ ಗಾಳಿ ಹೊಡೆಯುವ ಸಣ್ಣ ಕಂಪ್ರೆಸರ್‌ನಿಂದ ಗಾಳಿ ತುಂಬಿದರೆ ಮುಳ್ಳು ಏರುತ್ತಾ ಹೋಗಿ ಒಂದು ಕಡೆ ನಿಂತುಬಿಡುತ್ತೆ. ಆಮೇಲೆ ಎಷ್ಟು ಗಾಳಿ ಹೊಡೆದರೂ ಮೇಲೇರಲ್ಲ, ಯಾಕೆಂದರೆ ಟ್ಯೂಬಿನೊಳಗಿನ ನೀರೆಲ್ಲ ಹೊರಹೋಗಿ ಕೆಳ ತುದಿಯಿಂದ ಗುಳ್ಳೆ ಏಳುತ್ತಿರುತ್ತೆ. ಒಂದು ಕೆ.ಜಿ. ಒತ್ತಡ ಅಂದರೆ 10 ಮೀಟರ್ ನೀರು. ಮೋಟರು ಓಡುವಾಗ ಮುಳ್ಳು 2.5 ಕೆ.ಜಿ.ಗೆ ನಿಂತಿತು. ಅಂದರೆ ಟ್ಯೂಬಿನ ತುದಿಯ ಮೇಲೆ 25 ಮೀಟರ್ ನೀರಿದೆ, 145ರಲ್ಲಿ 25 ಕಳೆದರೆ 120. ಮೋಟರು ನಿಲ್ಲಿಸಿ ಮಾರನೇ ದಿನ ನೋಡಿದಾಗ 5.5 ಕೆ.ಜಿ. ತೋರಿಸಿತು, ಅಂದರೆ ನೀರು 90 ಮೀಟರ್‌ಗೆ ಬಂದಿತ್ತು. ಪಂಪು ಮೇಲೆತ್ತಿಸುವ ಕೂಲಿಯ ಮುಂದೆ ಈ ಟ್ಯೂಬಿನ ಖರ್ಚು ಏನೂ ಅಲ್ಲ. ಮುಂದಿನ ಸಲ ನಿಮ್ಮ ಪಂಪು ಇಳಿಸುವಾಗ ತಪ್ಪದೆ ಕಟ್ಟಿಸಿ.

ನೀರು ಎಷ್ಟು?

ಇದನ್ನು ಎರಡು ಕಡೆಯಿಂದ ನೋಡಬೇಕು. ತೋಟಕ್ಕೆ ಎಷ್ಟು ಬೇಕು, ಬೋರು ಎಷ್ಟು ಕೊಡುತ್ತೆ.

ಬೇಸಿಗೆಯಲ್ಲಿ ಡ್ರಿಪ್‌ನಲ್ಲಿ ಒಂದು ಅಡಿಕೆ ಮರಕ್ಕೆ ದಿನಕ್ಕೆ 20 ಲೀಟರ್ ಹಿಡಿಯೋಣ. ಎಕರೆಗೆ 550 ಮರ, ಮೂರು ಎಕರೆಗೆ 33,000 ಲೀಟರ್. ತ್ರೀಫೇಸ್ ಕರೆಂಟು ಏಳು ಗಂಟೆ ಅಂತ ಲೆಕ್ಕವಿದ್ದರೂ ಮಧ್ಯೆ ಹೋಗಿ ಬಂದು ಕೈಗೆ ಸಿಗುವುದು ಆರು ಗಂಟೆ ಚಿಲ್ಲರೆ. ಸೆಕೆಂಡಿಗೆ ಒಂದೂವರೆ ಲೀಟರ್ ಬಂದರೆ ಗಂಟೆಗೆ 5,400 ಲೀಟರ್, ಆರು ಗಂಟೆ ಹತ್ತು ನಿಮಿಷದೊಳಗೆ ಕೆಲಸ ಮುಗಿಯುತ್ತೆ.

ಬೋರು ಅಷ್ಟು ಕೊಡುತ್ತಾ ಅನ್ನುವುದಕ್ಕೆ 200 ಲೀಟರ್ ಡ್ರಮ್ಮು ಮತ್ತು ಮೊಬೈಲಿನ ಸ್ಟಾಪ್‌ವಾಚ್ ಸಾಕು. ಅಣ್ಣನ ಹಳೇ ಮೋಟರು ಇನ್ನೂ ಓಡುತ್ತಿದ್ದಾಗ, ಏಪ್ರಿಲ್‌ನಲ್ಲಿ ನಾವು ಅಳೆದಿದ್ದು. ಮೂರು ಗಂಟೆ ಓಡಿದ ಮೇಲೂ ಡ್ರಮ್ಮು ತುಂಬಲು 2 ನಿಮಿಷ 13 ಸೆಕೆಂಡ್ ಹಿಡಿಯಿತು, ಅಂದರೆ ಸೆಕೆಂಡಿಗೆ ಒಂದೂವರೆ ಲೀಟರ್. ಮೊದಲ ಹತ್ತು ನಿಮಿಷದಲ್ಲಿ ಅಳೆದರೆ ಬೋರಿನಲ್ಲಿ ರಾತ್ರಿಯೆಲ್ಲ ಸಂಗ್ರಹವಾದ ನೀರನ್ನು ಅಳೆದಂತೆ, ಅದು ಲೆಕ್ಕಕ್ಕೆ ಬಾರದು.

ಬೋರ್ ಕೊರೆದ ದಿನ ಹೇಳುವ "ಇಂಚು" ಬಗ್ಗೆ ಒಂದು ಮಾತು ಹೇಳಿಯೇ ಮುಂದೆ ಹೋಗುತ್ತೇನೆ. ಎರಡು ಇಂಚು ನೀರು ಅಂದರೆ ಎರಡು ಇಂಚು ಪೈಪಿನ ತುಂಬ ನೀರು ಅಂತ ತುಂಬಾ ಜನ ತಿಳಿದಿದ್ದಾರೆ. ಅಲ್ಲ. ವಿ ಆಕಾರದ ಕಚ್ಚು ಇರುವ ತಗಡಿನ ಮೇಲೆ ನೀರು ಎಷ್ಟು ಎತ್ತರ ಹರಿಯುತ್ತೆ ಅನ್ನುವ ಅಳತೆ ಅದು. 90 ಡಿಗ್ರಿ ಕಚ್ಚಿನಲ್ಲಿ ಎರಡು ಇಂಚು ಅಂದರೆ ಸೆಕೆಂಡಿಗೆ ಸುಮಾರು 0.8 ಲೀಟರ್. ಮೂರು ಇಂಚು ಅಂದರೆ 2.2 ಲೀಟರ್. ಒಂದೇ ಇಂಚು ಜಾಸ್ತಿ, ಆದರೆ ನೀರು ಎರಡೂವರೆ ಪಟ್ಟಿಗಿಂತ ಹೆಚ್ಚು. ಅಂದಾಜಿನಲ್ಲಿ "ಎರಡೂವರೆ ಮೂರು ಇಂಚು ಇರಬಹುದು" ಅಂತ ಹೇಳಿ ಮೋಟರು ತಂದರೆ ಎಷ್ಟು ಹೆಚ್ಚುಕಡಿಮೆ ಆಗುತ್ತೆ ನೋಡಿ.

ಈಗ ಎತ್ತರವನ್ನು ಕೂಡೋಣ

ಓಡುವಾಗಿನ ನೀರಿನ ಮಟ್ಟದಿಂದ ನೆಲದವರೆಗೆ 120 ಮೀಟರ್. ಬೋರಿನ ಜಾಗಕ್ಕಿಂತ ತೋಟದ ಮೇಲಿನ ತುದಿ 6 ಮೀಟರ್ ಎತ್ತರದಲ್ಲಿದೆ. ಡ್ರಿಪ್ ಫಿಲ್ಟರಿನ ಮುಂದೆ 2 ಕೆ.ಜಿ. ಒತ್ತಡ ಬೇಕು, ಅದು 20 ಮೀಟರ್‌ಗೆ ಸಮ. ಇಷ್ಟು ಕಣ್ಣಿಗೆ ಕಾಣುವ ಲೆಕ್ಕ, 146 ಮೀಟರ್.

ಕಾಣದೇ ಇರುವುದು ಪೈಪಿನ ಗೋಡೆಗೆ ನೀರು ಉಜ್ಜುವುದರಿಂದ ಹೋಗುವ ಎತ್ತರ. ಸೆಕೆಂಡಿಗೆ ಒಂದೂವರೆ ಲೀಟರ್ ನೀರು 40 ಮಿ.ಮೀ. ಒಳ ಅಳತೆಯ ಪೈಪಿನಲ್ಲಿ ಹೋದರೆ 100 ಮೀಟರ್‌ಗೆ 4.3 ಮೀಟರ್ ಎತ್ತರದಷ್ಟು ಶಕ್ತಿ ಉಜ್ಜಾಟದಲ್ಲೇ ಹೋಗುತ್ತೆ. ಅಣ್ಣನ ಬೋರಿನೊಳಗೆ ಅಂಥ ಪೈಪು 150 ಮೀಟರ್ ಇದೆ, ಅದಕ್ಕೆ 6.5 ಮೀಟರ್. ಮೇಲೆ 50 ಮಿ.ಮೀ. ಒಳ ಅಳತೆಯ ಪೈಪು 200 ಮೀಟರ್ ಇದೆ, ಅದಕ್ಕೆ 3 ಮೀಟರ್. ಬೆಂಡು, ವಾಲ್ವುಗಳಿಗೆ ಎರಡೂವರೆ. ಎಲ್ಲ ಸೇರಿ 158 ಮೀಟರ್.

ಇನ್ನು ಕ್ಯಾಲ್ಕ್ಯುಲೇಟರ್. ಒಂದೂವರೆ ಗುಣಿಸು 158, ಭಾಗಿಸು 75 ಮಾಡಿದರೆ 3.16 ಎಚ್‌ಪಿ. ಇದು ನೀರಿಗೆ ತಲುಪಬೇಕಾದ ಶಕ್ತಿ. ಆದರೆ ಪಂಪು ತನಗೆ ಬಂದ ಶಕ್ತಿಯನ್ನೆಲ್ಲ ನೀರಿಗೆ ಕೊಡಲ್ಲ. ಕಡಿಮೆ ನೀರು, ಹೆಚ್ಚು ಎತ್ತರದ ನಮ್ಮ ಕಡೆಯ ಸಬ್‌ಮರ್ಸಿಬಲ್ ಪಂಪುಗಳಲ್ಲಿ ಅರ್ಧದಷ್ಟು ತಲುಪಿತು ಅಂತ ಹಿಡಿದರೆ ಲೆಕ್ಕಕ್ಕೆ ಕ್ಷೇಮ.

```
1.5 × 158 ÷ 75 ÷ 0.5 = 6.32
```

ಇದರ ಮೇಲೆ ಶೇಕಡ 10ರಿಂದ 15 ಸೇರಿಸಿದರೆ 7ರಿಂದ 7.3 ಎಚ್‌ಪಿ. ಅಂಗಡಿಯಲ್ಲಿ ಸಿಗುವ ಮುಂದಿನ ಸೈಜು 7.5. ಅಣ್ಣನಿಗೆ ಬೇಕಾದ್ದು ಅದು.

ಮೋಟರಿನಲ್ಲೂ ಒಂದಷ್ಟು ಶಕ್ತಿ ಬಿಸಿಯಾಗಿ ಹೋಗುತ್ತಲ್ಲ, ಅದನ್ನು ಯಾಕೆ ಸೇರಿಸಲಿಲ್ಲ ಅಂತ ಕೆಲವರಿಗೆ ಅನ್ನಿಸಬಹುದು. ನೇಮ್‌ಪ್ಲೇಟಿನ ಮೇಲೆ ಬರೆದಿರುವ ಎಚ್‌ಪಿ ಮೋಟರಿನ ಶಾಫ್ಟಿನಿಂದ ಹೊರಬರುವ ಶಕ್ತಿ. ಆ ನಷ್ಟ ಕರೆಂಟಿನ ಯೂನಿಟ್ಟಿನಲ್ಲಿ ಕಾಣುತ್ತೆ, ಮೋಟರಿನ ಸೈಜಿನಲ್ಲಿ ಅಲ್ಲ.

12.5 ಎಲ್ಲಿಂದ ಬಂತು?

120 ಮೀಟರ್ ಜಾಗದಲ್ಲಿ ಬೋರಿನ ಪೂರ್ತಿ ಆಳ 189 ಮೀಟರ್ ಇಟ್ಟು ನೋಡಿ. ಒಟ್ಟು ಎತ್ತರ 227 ಆಗುತ್ತೆ, ಎಚ್‌ಪಿ 9ಕ್ಕೆ ಏರುತ್ತೆ. ಅದರ ಮೇಲೆ ಶೇಕಡ 15 ಸೇರಿಸಿದರೆ 10 ದಾಟುತ್ತೆ, ಮುಂದಿನ ಸೈಜು 12.5. ಅಂಗಡಿಯವರು ಮೋಸ ಮಾಡಿದರು ಅಂತ ನಾನು ಹೇಳಲ್ಲ. ನಾವು ಕೊಟ್ಟ ಅಂಕಿ ಒಂದೇ, ಅವರು ಅದನ್ನೇ ಹಿಡಿದು ಹೇಳಿದರು.

"ದೊಡ್ಡದಿದ್ದರೆ ಒಳ್ಳೇದೇ ಅಲ್ವಾ, ನೀರು ಜಾಸ್ತಿ ಬರುತ್ತೆ" ಅನ್ನುವವರಿಗೆ ಉತ್ತರ ಬೋರಿನೊಳಗೇ ಇದೆ. 227 ಮೀಟರ್‌ಗೆ ಒಂದೂವರೆ ಲೀಟರ್ ಎತ್ತುವ ಪಂಪನ್ನು 158 ಮೀಟರ್‌ಗೆ ಓಡಿಸಿದರೆ ಅದು ಒಂದೂವರೆಗಿಂತ ಜಾಸ್ತಿ ಎಳೆಯಲು ನೋಡುತ್ತೆ. ಬೋರಿನ ಸೆಲೆಗೆ ಅಷ್ಟು ಕೊಡಲು ಆಗಲ್ಲ. ನೀರಿನ ಮಟ್ಟ ಇಳಿಯುತ್ತಾ ಇಳಿಯುತ್ತಾ ಪಂಪಿನ ಬಾಯಿಗೆ ಬರುತ್ತೆ. ಆಗ ನೀರು ಬಿಟ್ಟು ಬಿಟ್ಟು ಬರುತ್ತೆ, ಗಾಳಿ ಸೇರಿ ಬುಸ್ ಅನ್ನುತ್ತೆ, ಆಂಪ್ಸ್ ಮೀಟರಿನ ಮುಳ್ಳು ಕೆಳಗೆ ಬಿದ್ದು ಮತ್ತೆ ಏಳುತ್ತೆ. ಈ ಮೂರೂ ಒಟ್ಟಿಗೆ ಕಂಡರೆ ಪಂಪು ಬೋರಿಗಿಂತ ದೊಡ್ಡದಾಗಿದೆ ಅಂತ ಅರ್ಥ. ತಂಪು ಮಾಡುವ ನೀರಿಲ್ಲದೆ ಓಡಿದ ಮೋಟರು ಸುಡುತ್ತೆ. ಡ್ರೈ ರನ್ ಕಟ್‌ಆಫ್ ಇರುವ ಸ್ಟಾರ್ಟರ್ ಹಾಕಿದ್ದರೆ ಮೋಟರು ಉಳಿಯುತ್ತೆ, ಆದರೆ ದಿನಕ್ಕೆ ಹತ್ತು ಸಲ ಆಫ್ ಆಗಿ ನೀವು ಅದರ ಕಾವಲಿಗೆ ಕೂರಬೇಕಾಗುತ್ತೆ.

ಇನ್ನೊಂದು ವಿಷಯ ನೇರವಾಗಿ ಜೇಬಿಗೆ ಸಂಬಂಧಿಸಿದ್ದು. ನಮ್ಮ ರಾಜ್ಯದಲ್ಲಿ ನೀರಾವರಿ ಪಂಪ್‌ಸೆಟ್ಟಿಗೆ ಉಚಿತ ಕರೆಂಟು ಇರುವುದು 10 ಎಚ್‌ಪಿವರೆಗೆ. ಅದನ್ನು ದಾಟಿದರೆ ಬಿಲ್ಲು. ತೋಟಕ್ಕೆ ನಿಜವಾಗಿ 12.5 ಬೇಕಿದ್ದರೆ ಕಟ್ಟೋಣ, ಬೇರೆ ದಾರಿ ಇಲ್ಲ. ಬೇಕಿರುವುದು 7.5 ಆಗಿದ್ದಾಗ, ಬೋರಿನ ಆಳ ಹೇಳಿದ್ದಕ್ಕೆ ತಿಂಗಳು ತಿಂಗಳು ಬಿಲ್ಲು ಕಟ್ಟುವುದು ಯಾವ ನ್ಯಾಯ?

ಪೈಪಿನಲ್ಲಿ ಉಳಿಸಿ ಮೋಟರಿನಲ್ಲಿ ಕಳೆಯುವುದು

ಅಣ್ಣ ಹೊಸ ಪೈಪನ್ನೂ ತರುವವರಿದ್ದರು, ಸ್ವಲ್ಪ ಸಣ್ಣದು ಹಾಕಿದರೆ ದುಡ್ಡು ಉಳಿಯುತ್ತೆ ಅಂತ. ಅದನ್ನೂ ಲೆಕ್ಕ ಹಾಕಿದೆವು. 32 ಮಿ.ಮೀ. ಒಳ ಅಳತೆಯ ಪೈಪಿನಲ್ಲಿ ಅದೇ ನೀರು ಹೋದರೆ 100 ಮೀಟರ್‌ಗೆ ಸುಮಾರು 12.7 ಮೀಟರ್ ನಷ್ಟ. ಬೋರಿನೊಳಗಿನ 150 ಮೀಟರ್‌ಗೆ 19, ಮೇಲಿನ 200 ಮೀಟರ್‌ಗೂ ಅದನ್ನೇ ಹಾಕಿದರೆ 25. ಒಟ್ಟು ಎತ್ತರ 158ರಿಂದ 192ಕ್ಕೆ ಹೋಗುತ್ತೆ. ಎಚ್‌ಪಿ 6.3ರಿಂದ 7.7ಕ್ಕೆ ಏರಿ, 7.5ರ ಮೋಟರು ಸಾಲದೆ 10 ತರಬೇಕಾಗುತ್ತೆ. ಪೈಪಿನ ಅಳತೆಯಲ್ಲಿ 8 ಮಿ.ಮೀ. ಕಡಿಮೆಯಾಗಿದ್ದಕ್ಕೆ ನಷ್ಟ ಮೂರು ಪಟ್ಟು.

ಎಚ್‌ಡಿಪಿಇ ಪೈಪಿನ ಮೇಲೆ ಬರೆದಿರುವುದು ಹೊರ ಅಳತೆ ಅನ್ನುವುದನ್ನು ಮರೆಯಬೇಡಿ. ಬೋರಿಗೆ ಬಿಡುವ ದಪ್ಪ ಗೋಡೆಯ ಪೈಪಿನಲ್ಲಿ 40 ಅಂತ ಬರೆದಿದ್ದರೆ ಒಳಗೆ 32 ಇರಬಹುದು, 50 ಅಂದರೆ 40. ಅಂಗಡಿಯಲ್ಲಿ ಪೈಪಿನ ಬಾಯಿಗೆ ಸ್ಕೇಲ್ ಇಟ್ಟೇ ನೋಡಿ, ನಾಚಿಕೆ ಬೇಡ.

7.5 ಅಂದರೂ ಸಾಲದು, ಸ್ಟೇಜ್ ಕೇಳಿ

ಎಚ್‌ಪಿ ಒಂದೇ ಇದ್ದರೂ ಪಂಪು ಬೇರೆ ಬೇರೆ ಇರುತ್ತೆ. ಒಂದು 7.5 ಎಚ್‌ಪಿ ಪಂಪು ಜಾಸ್ತಿ ನೀರನ್ನು ಕಡಿಮೆ ಎತ್ತರಕ್ಕೆ ಕೊಟ್ಟರೆ, ಇನ್ನೊಂದು ಕಡಿಮೆ ನೀರನ್ನು ಜಾಸ್ತಿ ಎತ್ತರಕ್ಕೆ ಕೊಡುತ್ತೆ. ವ್ಯತ್ಯಾಸ ಇರುವುದು ಒಳಗಿನ ಇಂಪೆಲ್ಲರುಗಳಲ್ಲಿ. ಒಂದೊಂದು ಸ್ಟೇಜೂ ನೀರನ್ನು ಒಂದಷ್ಟು ಮೀಟರ್ ತಳ್ಳಿ ಮೇಲಿನ ಸ್ಟೇಜಿಗೆ ಕೊಡುತ್ತೆ. ಒಂದು ಸ್ಟೇಜು 8 ಮೀಟರ್ ಎತ್ತುವ ಪಂಪಾದರೆ ನಮ್ಮ 158ಕ್ಕೆ 20 ಸ್ಟೇಜ್ ಬೇಕು. ಅದೇ ಜಾತಿಯ 12 ಸ್ಟೇಜಿನ ಪಂಪಿಗೆ ಎಷ್ಟೇ ದೊಡ್ಡ ಮೋಟರು ಜೋಡಿಸಿದರೂ ನೀರು 96 ಮೀಟರ್ ದಾಟಿ ಹೆಚ್ಚೇನೂ ಏರಲ್ಲ. ಮೋಟರು ಸುಮ್ಮನೆ ತಿರುಗುತ್ತೆ, ಮೇಲೆ ಹನಿ ನೀರಿಲ್ಲ. "ಮೋಟರು ಓಡ್ತಾ ಇದೆ, ನೀರು ಬರ್ತಿಲ್ಲ" ಅನ್ನುವ ಎಷ್ಟೋ ದೂರುಗಳ ಹಿಂದೆ ಇದೂ ಒಂದು ಕಾರಣ.

ಅದಕ್ಕೆ ಅಂಗಡಿಯಲ್ಲಿ ಹೀಗೆ ಕೇಳಿ: "158 ಮೀಟರ್ ಹೆಡ್ಡಿನಲ್ಲಿ ನಿಮಿಷಕ್ಕೆ 90 ಲೀಟರ್ ಕೊಡುವ ಪಂಪು ತೋರಿಸಿ." ಪ್ರತಿ ಕಂಪನಿಯ ಪಟ್ಟಿಯಲ್ಲೂ ಹೆಡ್ಡು ಒಂದು ಕಡೆ, ನೀರು ಒಂದು ಕಡೆ ಅಚ್ಚಾಗಿರುತ್ತೆ. ಮೊಬೈಲಿನಲ್ಲಿ ಮಾಡೆಲ್ ನಂಬರ್ ಹಾಕಿದರೂ ಸಿಗುತ್ತೆ. ನಿಮ್ಮ ಅಂಕಿ ಆ ಸಾಲಿನ ನಡುಭಾಗದಲ್ಲಿ ಬೀಳಬೇಕು. ಕೊನೆಯ ಕಂಬದಲ್ಲಿ ಬಿದ್ದರೆ ಆ ಮಾಡೆಲ್ ಬೇಡ.

ನೀರು ಮೇಲೆ ಬಂದಾಗ ಬರುವ ತೊಂದರೆ

2022ರ ಸೆಪ್ಟೆಂಬರ್‌ನಲ್ಲಿ ವಾಣಿ ವಿಲಾಸ ಸಾಗರ ಕೋಡಿ ಬಿದ್ದಾಗ, 1933ರ ನಂತರ ಅದೇ ಮೊದಲು, ನಮ್ಮ ಕಡೆ ಹಬ್ಬವೇ ಆಯಿತು. ಆ ಮಳೆಗಾಲದಲ್ಲಿ ಅಣ್ಣನ ಬೋರಿನ ನೀರೂ ಮೇಲೆ ಬಂತು. ಅದರ ಜೊತೆಗೇ ಒಂದು ವಿಚಿತ್ರ ಶುರುವಾಯಿತು. ನೀರು ಭರ್ಜರಿ ಬರುತ್ತಿತ್ತು, ಆದರೆ ಅರ್ಧ ಗಂಟೆಗೊಮ್ಮೆ ಸ್ಟಾರ್ಟರ್ ಟ್ರಿಪ್ ಆಗುತ್ತಿತ್ತು.

ಕಾರಣ ಇದೇ ಲೆಕ್ಕದಲ್ಲಿದೆ. 158 ಮೀಟರ್‌ಗೆ ಆರಿಸಿದ ಪಂಪಿಗೆ ನೀರು 70 ಮೀಟರ್‌ಗೇ ಸಿಕ್ಕರೆ ಒಟ್ಟು ಎತ್ತರ 108ಕ್ಕೆ ಇಳಿಯುತ್ತೆ. ಪಂಪು ಸುಮ್ಮನಿರಲ್ಲ, ತುಂಬಾ ಜಾಸ್ತಿ ನೀರು ತಳ್ಳುತ್ತೆ. ನಮ್ಮಲ್ಲಿ ಬಳಸುವ ಬಹುತೇಕ ಬೋರ್ ಪಂಪುಗಳು ನೀರು ಹೆಚ್ಚಾದಂತೆ ಶಕ್ತಿಯನ್ನೂ ಹೆಚ್ಚು ಎಳೆಯುತ್ತವೆ. ಎತ್ತರ ಕಡಿಮೆಯಾದರೆ ಮೋಟರಿಗೆ ಆರಾಮ ಅಂತ ನಾವು ಅಂದುಕೊಂಡರೆ ಅದು ಓವರ್‌ಲೋಡ್ ಆಗಿ ಬಿಸಿಯಾಗುತ್ತಿರುತ್ತೆ. ನೇಮ್‌ಪ್ಲೇಟಿನಲ್ಲಿ ಬರೆದಿರುವ ಆಂಪ್ಸ್‌ಗಿಂತ ಮೀಟರಿನ ಮುಳ್ಳು ಮೇಲಿದ್ದರೆ, ವೋಲ್ಟೇಜ್ ಸರಿಯಾಗಿಯೇ ಇದ್ದರೆ, ಇದೇ ಕಾಯಿಲೆ. ವೋಲ್ಟೇಜ್ ಕಡಿಮೆಯಾದಾಗಲೂ ಆಂಪ್ಸ್ ಏರುತ್ತೆ, ಅದಕ್ಕೆ ಎರಡೂ ಮೀಟರನ್ನು ಒಟ್ಟಿಗೆ ನೋಡಬೇಕು.

ಮದ್ದು ಸುಲಭ. ಬೋರಿನ ಬಾಯಲ್ಲಿರುವ ಗೇಟ್ ವಾಲ್ವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ ಮುಚ್ಚುತ್ತಾ ಬನ್ನಿ, ಆಂಪ್ಸ್ ನೇಮ್‌ಪ್ಲೇಟಿನ ಅಂಕಿಗೆ ಇಳಿಯುವವರೆಗೆ. ವಾಲ್ವು ಕಳೆದುಹೋದ ಎತ್ತರವನ್ನು ಮತ್ತೆ ತಂದುಕೊಡುತ್ತೆ. ಶಕ್ತಿ ಸ್ವಲ್ಪ ವ್ಯರ್ಥ, ಆದರೆ ಮೋಟರು ಉಳಿಯುತ್ತೆ. ಪೂರ್ತಿ ಮಾತ್ರ ಮುಚ್ಚಬೇಡಿ. ಬೇಸಿಗೆ ಬಂದು ಮಟ್ಟ ಇಳಿದಂತೆ ಮತ್ತೆ ತೆರೆಯುತ್ತಾ ಹೋಗಿ. ಅಣ್ಣ ಈಗ ವಾಲ್ವಿನ ಪಕ್ಕದ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟುಕೊಂಡಿದ್ದಾರೆ, ಯಾವ ತಿಂಗಳಲ್ಲಿ ಎಷ್ಟು ಸುತ್ತು ತೆರೆದಿದ್ದಾಗ ಎಷ್ಟು ಆಂಪ್ಸ್ ಅಂತ.